ಗುಳ್ಳೆಯೊಳಗಿನ ಒತ್ತಡ, ಎಳೆಕೂಸಿನ ಉಸಿರು

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದೆ ಕಂಪನಿ ಬಸ್ಸಿನಲ್ಲಿ ಕೂತು ಓದೋರಿಗಾಗಿ ಈ ಸಲದ ಮಾತಿನ ಬರಹ ಇಲ್ಲಿದೆ. ಮಾತಿನಲ್ಲಿ ತಡವರಿಸಿದ್ದನ್ನು ತಿದ್ದಿದ್ದೇನೆ, ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನು ಹಾಗೇ ಉಳಿಸಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ಅಕ್ಕನಿಗೆ ಇಲ್ಲೇ ಪುಣೆಯಲ್ಲಿ ಹೆರಿಗೆ ಆಯಿತು. ಡೇಟ್ ಕೊಟ್ಟಿದ್ದಕ್ಕಿಂತ ಹತ್ತು ವಾರ ಮುಂಚೆ. ಅಮ್ಮ ಇನ್ನೂ ದಾವಣಗೆರೆಯಲ್ಲಿ ಬಾಣಂತನದ ಸಾಮಾನು ಕಟ್ಟುತ್ತಾ ಇದ್ದರು. ಆಸ್ಪತ್ರೆಯಲ್ಲಿ ಭಾವ, ನಾನು ಇಬ್ಬರೇ. ಮಗು ಅಂಗೈಗಿಂತ ಸ್ವಲ್ಪ ದೊಡ್ಡದು, ಪ್ರತಿ ಉಸಿರಿಗೂ ಸಣ್ಣಗೆ ನರಳುವ ಸದ್ದು. ಮಕ್ಕಳ ಡಾಕ್ಟರು ಬಂದು, "ಶ್ವಾಸಕೋಶದಲ್ಲಿ ಸೋಪಿನ ಥರದ ಒಂದು ಪದಾರ್ಥ ಇರಬೇಕು, ಇವಳಲ್ಲಿ ಅದು ಇನ್ನೂ ತಯಾರಾಗಿಲ್ಲ, ಹೊರಗಿನಿಂದ ಕೊಡಬೇಕು, ಇಲ್ಲಿ ಸೈನ್ ಮಾಡಿ" ಅಂದರು. ಭಾವ ಸೈನ್ ಮಾಡಿದರು. ನನ್ನ ತಲೆಯಲ್ಲಿ ಮಾತ್ರ, ಆ ಹೊತ್ತಿನಲ್ಲೂ, ಪಿಯುಸಿಯಲ್ಲಿ ಸಿಇಟಿಗೆ ಅಂತ ಬಾಯಿಪಾಠ ಮಾಡಿದ್ದ ಒಂದು ಸೂತ್ರ ಓಡುತ್ತಿತ್ತು: ಸೋಪಿನ ಗುಳ್ಳೆಯ ಒಳಗೆ ಹೆಚ್ಚುವರಿ ಒತ್ತಡ 4T/r. ಒಂದು ಮಾರ್ಕಿನ ಪ್ರಶ್ನೆ. ಆ ಸೂತ್ರ ಅಲ್ಲಿಂದ ಈ ಗಾಜಿನ ಪೆಟ್ಟಿಗೆಯವರೆಗೆ ಹೇಗೆ ಬಂತು ಅನ್ನೋದು ಇವತ್ತಿನ ಮಾತು.

ಕಥೆ ಶುರುವಾಗೋದು ಗುಳ್ಳೆಯಿಂದ ಅಲ್ಲ, ಗಾಜಿನ ನಳಿಕೆಯಿಂದ. ತೀರಾ ಸಣ್ಣ ರಂಧ್ರದ ಗಾಜಿನ ನಳಿಕೆಯನ್ನು, ಅಂದರೆ ಲೋಮನಾಳವನ್ನು, ನೀರಿನಲ್ಲಿ ನಿಲ್ಲಿಸಿದರೆ ನೀರು ತಾನಾಗಿ ಮೇಲೇರುತ್ತದೆ. ದೀಪದ ಬತ್ತಿಗೆ ಎಣ್ಣೆ ಏರೋದೂ ಇದೇ ಕಾರಣಕ್ಕೆ. ಇದು ಹಳೆಯ ಒಗಟು. ಸಣ್ಣ ನಳಿಕೆಯೊಳಗೆ ಗಾಳಿ ಸರಿಯಾಗಿ ತೂರಲಾರದು, ಹಾಗಾಗಿ ಒಳಗೆ ಗಾಳಿಯ ಒತ್ತಡ ಕಮ್ಮಿ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ ಅನ್ನೋದು ಆಗಿನ ಕಾಲದ ಜನಪ್ರಿಯ ಉತ್ತರ. ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದ ಫ್ರಾನ್ಸಿಸ್ ಹಾಕ್ಸ್‌ಬೀ ಅದೇ ಪ್ರಯೋಗವನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಮಾಡಿ ನೋಡಿದ. ನೀರು ಅಷ್ಟೇ ಎತ್ತರಕ್ಕೆ ಏರಿತು. ಗಾಳಿಯ ಉತ್ತರ ಅಲ್ಲಿಗೆ ಮುಗೀತು. ಇನ್ನೊಂದು ಕೆಲಸವನ್ನೂ ಮಾಡಿದ. ಗಾಜಿನ ಗೋಡೆ ದಪ್ಪ ಇರುವ ನಳಿಕೆ, ತೆಳು ಇರುವ ನಳಿಕೆ ಎರಡನ್ನೂ ಹೋಲಿಸಿ, ಎತ್ತರ ಬದಲಾಗೋದಿಲ್ಲ ಅಂತ ಕಂಡುಕೊಂಡ. ಎಳೆಯೋದು ಗಾಜಿನ ಒಳಮೈ ಮಾತ್ರ, ಅದರ ಹಿಂದಿನ ಗಾಜು ಅಲ್ಲ. 1718ರಲ್ಲಿ ಜೇಮ್ಸ್ ಜ್ಯೂರಿನ್ ಇದಕ್ಕೆ ಅಳತೆ ಕೊಟ್ಟ: ರಂಧ್ರ ಅರ್ಧವಾದರೆ ಎತ್ತರ ಎರಡರಷ್ಟು.

ಯಾಕೆ ಅನ್ನೋದಕ್ಕೆ ಇನ್ನೂ ಸುಮಾರು 85 ವರ್ಷ ಕಾಯಬೇಕಾಯಿತು. 1804ರ ಡಿಸೆಂಬರಿನಲ್ಲಿ ಥಾಮಸ್ ಯಂಗ್, ವೃತ್ತಿಯಿಂದ ಡಾಕ್ಟರು, ರಾಯಲ್ ಸೊಸೈಟಿಯಲ್ಲಿ ದ್ರವಗಳ ಅಂಟುವಿಕೆ ಬಗ್ಗೆ ಒಂದು ಪ್ರಬಂಧ ಓದಿದ. ದ್ರವದ ಮೇಲ್ಮೈ ಎಳೆದು ಹಿಡಿದ ಪೊರೆಯ ಹಾಗೆ ವರ್ತಿಸುತ್ತದೆ, ಆ ಪೊರೆ ಬಾಗಿದ ಕಡೆಯಲ್ಲೆಲ್ಲ ಒಳಗಿನ ಮತ್ತು ಹೊರಗಿನ ಒತ್ತಡದಲ್ಲಿ ವ್ಯತ್ಯಾಸ ಹುಟ್ಟುತ್ತದೆ ಅಂತ ಅದರ ಸಾರ. ಆದರೆ ಯಂಗ್‌ಗೆ ಬೀಜಗಣಿತದ ಚಿಹ್ನೆಗಳೆಂದರೆ ಅಲರ್ಜಿ. ಎಲ್ಲವನ್ನೂ ವಾಕ್ಯಗಳಲ್ಲೇ ಬರೆದ. ಕಾಮೆಂಟ್ ಮಾತ್ರ ಇದ್ದು ಕೋಡೇ ಇಲ್ಲದ ಫೈಲ್ ಥರ. 1806ರಲ್ಲಿ ಪ್ಯಾರಿಸ್ಸಿನ ಲ್ಯಾಪ್ಲಾಸ್ ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದು, ಗ್ರಹಗಳ ಚಲನೆ ಬಗ್ಗೆ ಬರೆಯುತ್ತಿದ್ದ ತನ್ನ ಮಹಾಗ್ರಂಥಕ್ಕೆ ಪುರವಣಿಯಾಗಿ ಸಮೀಕರಣ ಬರೆದುಕೊಟ್ಟ. ಹಾಗಾಗಿ ಡಾಕ್ಟರುಗಳು ಇವತ್ತಿಗೂ "ಲ್ಯಾಪ್ಲಾಸ್ ನಿಯಮ" ಅಂತಲೇ ಅನ್ನುತ್ತಾರೆ. ಯಂಗ್ ಡಾಕ್ಟರಾಗಿದ್ದೂ ಡಾಕ್ಟರುಗಳೇ ಅವನ ಹೆಸರು ಬಿಟ್ಟದ್ದು ನನಗೆ ಸ್ವಲ್ಪ ಬೇಜಾರಿನ ವಿಷಯ.

ಆ ಸಮೀಕರಣವನ್ನು ಎರಡು ಸಾಲಿನಲ್ಲಿ ಪಡೆಯಬಹುದು. r ತ್ರಿಜ್ಯದ ಒಂದು ನೀರಿನ ಹನಿಯನ್ನು ಮನಸ್ಸಿನಲ್ಲೇ ನಿಂಬೆಹಣ್ಣಿನ ಹಾಗೆ ಅರ್ಧಕ್ಕೆ ಕತ್ತರಿಸಿ. ಒಳಗಿನ ಹೆಚ್ಚುವರಿ ಒತ್ತಡ P ಎರಡು ಹೋಳುಗಳನ್ನು ದೂರ ತಳ್ಳುತ್ತದೆ. ತಳ್ಳುವ ಬಲ ಅಂದರೆ ಒತ್ತಡ ಗುಣಿಸು ಕತ್ತರಿಸಿದ ವೃತ್ತದ ವಿಸ್ತೀರ್ಣ. ಹೋಳುಗಳನ್ನು ಹಿಡಿದಿಟ್ಟಿರೋದು ಅಂಚಿನ ಸುತ್ತ ಇರುವ ಮೇಲ್ಮೈ ಎಳೆತ T, ಅಂದರೆ ಸರ್ಫೇಸ್ ಟೆನ್ಷನ್. ಅದರ ಬಲ T ಗುಣಿಸು ಸುತ್ತಳತೆ. ಎರಡೂ ಸಮ.

```
P × πr² = T × 2πr
P = 2T/r
```

ಸೋಪಿನ ಗುಳ್ಳೆಗೆ ಒಳಗೊಂದು, ಹೊರಗೊಂದು ಮೇಲ್ಮೈ ಇದೆ. ಅಂಚಿನಲ್ಲಿ ಎರಡು ಪೊರೆ ಎಳೆಯುತ್ತವೆ, ಆದ್ದರಿಂದ 4T/r. ನೀರಿನೊಳಗಿನ ಗಾಳಿಗುಳ್ಳೆಗೆ ಒಂದೇ ಮೇಲ್ಮೈ, ಹಾಗಾಗಿ ಮತ್ತೆ 2T/r. ಸಿಇಟಿಯಲ್ಲಿ ನಮ್ಮನ್ನು ಕೆಡವಿದ್ದ ಗುಂಡಿ ಇದೇ.

ಲೋಮನಾಳದ ಒಗಟೂ ಇದರಲ್ಲೇ ಬಿಡಿಸಿಕೊಳ್ಳುತ್ತದೆ. ನಳಿಕೆಯಲ್ಲಿ ನೀರಿನ ಮೇಲ್ಮೈ ಬಟ್ಟಲಿನ ಹಾಗೆ ತಗ್ಗಾಗಿ ಬಾಗಿರುತ್ತದೆ. ಬಾಗಿದ ಮೇಲ್ಮೈ ಅಂದರೆ ಒತ್ತಡದ ವ್ಯತ್ಯಾಸ: ಮೇಲಿನ ಗಾಳಿಗಿಂತ ಅದರ ಕೆಳಗಿನ ನೀರಿನ ಒತ್ತಡ 2T/r ಅಷ್ಟು ಕಮ್ಮಿ. ಆ ಕೊರತೆ ತುಂಬುವವರೆಗೆ ನೀರಿನ ಕಂಬ ಏರುತ್ತದೆ. ಅರ್ಧ ಮಿಲಿಮೀಟರ್ ತ್ರಿಜ್ಯದ ಸ್ವಚ್ಛ ಗಾಜಿನ ನಳಿಕೆಗೆ, ನೀರಿನ T ಸುಮಾರು 0.072 ನ್ಯೂಟನ್ ಪ್ರತಿ ಮೀಟರ್ ಅಂತ ಇಟ್ಟುಕೊಂಡರೆ, ಎತ್ತರ 2.9 ಸೆಂಟಿಮೀಟರ್ ಬರುತ್ತದೆ. ಸ್ಕೇಲ್ ಇಟ್ಟು ಅಳೆಯಬಹುದು. ಅಂದರೆ ನಳಿಕೆಯಲ್ಲಿ ಏರುವ ನೀರು, ದುಂಡಗಾಗುವ ಹನಿ, ಉಬ್ಬುವ ಗುಳ್ಳೆ ಮೂರಕ್ಕೂ ಒಂದೇ ನಿಯಮ. ಮೇಲ್ಮೈ ಎಷ್ಟು ಚಿಕ್ಕದಾಗಿ ಬಾಗುತ್ತದೋ ಒತ್ತಡದ ವ್ಯತ್ಯಾಸ ಅಷ್ಟು ದೊಡ್ಡದು.

ಈ ಕೊನೇ ಮಾತಿಗೆ ಒಂದು ವಿಚಿತ್ರ ಪರಿಣಾಮ ಇದೆ. ಚಿಕ್ಕವರಿದ್ದಾಗ ಪರಂಗಿ ಎಲೆಯ ದಂಟಿನಲ್ಲಿ ಸೋಪುನೀರಿನ ಗುಳ್ಳೆ ಊದಿದ್ದೀರಲ್ಲ. ಒಂದು ನಳಿಕೆಯ ಎರಡೂ ತುದಿಗೆ ಒಂದೊಂದು ಗುಳ್ಳೆ ಇದೆ, ಒಂದು ದೊಡ್ಡದು ಒಂದು ಚಿಕ್ಕದು, ನಡುವಿನ ದಾರಿ ತೆರೆದಿದೆ ಅಂದುಕೊಳ್ಳಿ. ಏನಾಗಬಹುದು? ಹೆಚ್ಚಿನವರು ಎರಡೂ ಸಮ ಆಗುತ್ತವೆ ಅಂತಾರೆ. ಆಗೋದು ಉಲ್ಟಾ. ಚಿಕ್ಕದರಲ್ಲಿ ಒತ್ತಡ ಜಾಸ್ತಿ, ಆದ್ದರಿಂದ ಅದರ ಗಾಳಿ ದೊಡ್ಡದಕ್ಕೆ ಹೋಗುತ್ತದೆ. ಅದು ಇನ್ನೂ ಚಿಕ್ಕದಾಗುತ್ತದೆ, ಒತ್ತಡ ಇನ್ನೂ ಹೆಚ್ಚುತ್ತದೆ, ಕೊನೆಗೆ ಕುಸಿಯುತ್ತದೆ. ಚಾರ್ಲ್ಸ್ ವರ್ನನ್ ಬಾಯ್ಸ್ 1890ರಲ್ಲಿ ಪ್ರಕಟಿಸಿದ, ಮಕ್ಕಳಿಗೆ ಅಂತ ಕೊಟ್ಟ ಸೋಪಿನ ಗುಳ್ಳೆಗಳ ಉಪನ್ಯಾಸಗಳಲ್ಲಿ ಇಂಥ ಆಟಗಳು ತುಂಬಿವೆ. ಆಗ ಇದು ಆಟ ಮಾತ್ರ.

ಈಗ ಶ್ವಾಸಕೋಶಕ್ಕೆ ಬನ್ನಿ. ನಮ್ಮ ಶ್ವಾಸಕೋಶದ ಕೊನೆಯಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಿವೆ. ದೊಡ್ಡವರಲ್ಲಿ ಒಂದೊಂದರ ವ್ಯಾಸ ಸುಮಾರು 0.2 ಮಿಲಿಮೀಟರ್. ಒಳಮೈ ಒದ್ದೆ. ಒಂದು ಚೀಲ ದೊಡ್ಡದು, ಪಕ್ಕದ್ದು ಚಿಕ್ಕದು, ಎಲ್ಲ ಒಂದೇ ಗಾಳಿದಾರಿಗೆ ತೆರೆದಿವೆ. ಮೇಲಿನ ಎರಡು ಗುಳ್ಳೆಗಳ ಆಟ ಇಲ್ಲಿ ನಡೆದರೆ ಚಿಕ್ಕ ಚೀಲಗಳೆಲ್ಲ ಕುಸಿದು ದೊಡ್ಡವು ಊದಿಕೊಳ್ಳಬೇಕು. ನಮಗೆ ಹಾಗೆ ಆಗಿಲ್ಲ. ಯಾಕಾಗಿಲ್ಲ?

ಈ ಕಡೆಗೆ ಮೊದಲು ಕೈಹಾಕಿದವನು ಸ್ವಿಟ್ಜರ್ಲೆಂಡಿನ ವೈದ್ಯ ಕರ್ಟ್ ಫಾನ್ ನೀರ್‌ಗಾರ್ಡ್, 1929ರಲ್ಲಿ. ಹಂದಿಯ ಶ್ವಾಸಕೋಶವನ್ನು ಒಮ್ಮೆ ಗಾಳಿ ತುಂಬಿ ಊದಿದ, ಇನ್ನೊಮ್ಮೆ ದ್ರವ ತುಂಬಿ ಊದಿದ. ದ್ರವ ತುಂಬಿದರೆ ಗಾಳಿ ಮತ್ತು ನೀರಿನ ನಡುವಿನ ಮೇಲ್ಮೈಯೇ ಇರೋದಿಲ್ಲ, ಅಂದರೆ T ಲೆಕ್ಕದಿಂದಲೇ ಹೋಯಿತು. ಉಳಿಯೋದು ಅಂಗಾಂಶದ ರಬ್ಬರ್ ಗುಣ ಮಾತ್ರ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದು ವೇರಿಯೇಬಲ್ ತೆಗೆದು ಟೆಸ್ಟ್ ಮಾಡಿದ. ದ್ರವದಲ್ಲಿ ಬೇಕಾದ ಒತ್ತಡ ತುಂಬಾ ಕಮ್ಮಿ ಇತ್ತು. ಶ್ವಾಸಕೋಶ ಕುಗ್ಗಲು ಎಳೆಯುವ ಬಲದಲ್ಲಿ ದೊಡ್ಡ ಪಾಲು ಮೇಲ್ಮೈ ಎಳೆತದ್ದೇ ಅಂತ ಗೊತ್ತಾಯಿತು. ಹುಟ್ಟಿದ ಕೂಸಿನ ಮೊದಲ ಉಸಿರಿಗೆ ಈ ಬಲ ಎಷ್ಟು ಅಡ್ಡಿ ಅಂತ ನೋಡಬೇಕು ಎಂದೂ ಅವನು ಬರೆದ. ಯಾರೂ ಓದಲಿಲ್ಲ ಅಂತಲೇ ಹೇಳಬೇಕು. ಸುಮಾರು 25 ವರ್ಷ ಆ ಲೇಖನ ಹಾಗೇ ಬಿದ್ದಿತ್ತು.

ಆ ಹೊತ್ತಿನಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಉಸಿರಾಟದ ಕಷ್ಟದಿಂದ ಸಾಯುತ್ತಲೇ ಇದ್ದವು. ಶವಪರೀಕ್ಷೆಯಲ್ಲಿ ಶ್ವಾಸಕೋಶದೊಳಗೆ ಗಾಜಿನ ಹಾಗೆ ಹೊಳೆಯುವ ಒಂದು ಪೊರೆ ಕಾಣುತ್ತಿತ್ತು. ರೋಗಕ್ಕೆ ಹಯಲೈನ್ ಮೆಂಬ್ರೇನ್ ಡಿಸೀಸ್ ಅಂತಲೇ ಹೆಸರಿಟ್ಟರು, ಆ ಪೊರೆಯೇ ಕಾರಣ ಅಂತ ಅದನ್ನೇ ಹುಡುಕಿಕೊಂಡು ಹೋದರು. ಲಾಗ್‌ನಲ್ಲಿ ಕಂಡ ಕೊನೇ ಎರರ್ ಅನ್ನೇ ಮೂಲ ಬಗ್ ಅಂದುಕೊಂಡ ಹಾಗೆ. ಆ ಪೊರೆ ನಿಜವಾಗಿ ಹಾನಿಯ ಫಲ. ಎಲ್ಲರೂ ಶ್ವಾಸಕೋಶದಲ್ಲಿ ಇರುವ ಏನನ್ನೋ ಹುಡುಕುತ್ತಿದ್ದರು, ರೋಗ ಇದ್ದದ್ದು ಇಲ್ಲದ ಒಂದರಲ್ಲಿ.

ಸುಳಿವು ಸಿಕ್ಕಿದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ, ರಾಸಾಯನಿಕ ಯುದ್ಧದ ಲ್ಯಾಬ್‌ಗಳಲ್ಲಿ. ಇಂಗ್ಲೆಂಡಿನ ಪೋರ್ಟನ್ ಡೌನ್‌ನಲ್ಲಿ ರಿಚರ್ಡ್ ಪ್ಯಾಟಲ್ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಾಗ ಬರುವ ನೊರೆಯನ್ನು ನೋಡುತ್ತಿದ್ದ. ಅದರ ಸಣ್ಣ ಗುಳ್ಳೆಗಳು ಒಡೆಯುತ್ತಲೇ ಇರಲಿಲ್ಲ, ಕುಗ್ಗುತ್ತಲೂ ಇರಲಿಲ್ಲ. ಇದರಲ್ಲಿ ಏನು ವಿಶೇಷ ಅನಿಸಬಹುದು, ಲೆಕ್ಕ ಹಾಕಿ. 20 ಮೈಕ್ರೋಮೀಟರ್ ತ್ರಿಜ್ಯದ ಗುಳ್ಳೆ ಬರೀ ನೀರಿನಲ್ಲಿದ್ದರೆ 2T/r ಪ್ರಕಾರ ಒಳಗೆ 7200 ಪ್ಯಾಸ್ಕಲ್ ಹೆಚ್ಚು ಒತ್ತಡ. ಅದು ಗಾಳಿಯನ್ನು ನೀರಿನೊಳಕ್ಕೆ ಕರಗಿಸುತ್ತಾ ಹೋಗುತ್ತದೆ, ಗುಳ್ಳೆ ಬೇಗ ಮಾಯವಾಗಬೇಕು. ಮಾಯವಾಗುತ್ತಿಲ್ಲ ಅಂದರೆ ಒಳಗೆ ಹೆಚ್ಚುವರಿ ಒತ್ತಡವೇ ಇಲ್ಲ. r ಕಣ್ಣಿಗೆ ಕಾಣುತ್ತಿದೆ, ಆದ್ದರಿಂದ T ಹೆಚ್ಚುಕಮ್ಮಿ ಸೊನ್ನೆ ಇರಬೇಕು. 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಇಷ್ಟನ್ನು ಬರೆದ. ಯಾವ ಉಪಕರಣವೂ ಇಲ್ಲದೆ, ಬರೀ ಗುಳ್ಳೆಯ ಆಯುಷ್ಯದಿಂದ ಅದರ ಒಳಒತ್ತಡ ತಿಳಿದದ್ದು ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಚೆಂದದ ತರ್ಕ.

ಅಮೆರಿಕದ ಎಡ್ಜ್‌ವುಡ್‌ನ ಸೇನಾ ಲ್ಯಾಬ್‌ನಲ್ಲಿದ್ದ ಜಾನ್ ಕ್ಲೆಮೆಂಟ್ಸ್‌ಗೆ ಇಷ್ಟು ಸಾಲಲಿಲ್ಲ, ಅಳೆಯಬೇಕಿತ್ತು. ಅವನು ಬಳಸಿದ ಉಪಕರಣದ ಮೂಲ ಒಂದು ಅಡುಗೆಮನೆ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಅಗ್ನೆಸ್ ಪೊಕೆಲ್ಸ್ ಎಂಬ ಹೆಣ್ಣುಮಗಳು ಕಾಲೇಜಿಗೆ ಹೋಗಲಾಗದೆ ಮನೆಯಲ್ಲಿ ಅಪ್ಪ ಅಮ್ಮನ ಆರೈಕೆ ಮಾಡಿಕೊಂಡಿದ್ದಳು. ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹೇಗೆ ವರ್ತಿಸುತ್ತದೆ ಅಂತ ಗಮನಿಸಿ, 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಒಂದು ತಗಡಿನ ತೊಟ್ಟಿ ಮಾಡಿಕೊಂಡಳು. ಅಂಚಿನವರೆಗೆ ನೀರು, ಅಡ್ಡಕ್ಕೆ ಒಂದು ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸಿದರೆ ಮೇಲಿನ ಜಿಡ್ಡಿನ ಪದರ ಒತ್ತಿಕೊಳ್ಳುತ್ತದೆ. ನೀರಿಗೆ ತಾಗಿಸಿದ ಒಂದು ಸಣ್ಣ ಬಿಲ್ಲೆಯನ್ನು ತಕ್ಕಡಿಯಿಂದ ಮೇಲೆತ್ತಿ, ಕಿತ್ತುಬರಲು ಎಷ್ಟು ಬಲ ಬೇಕು ಅಂತ ಅಳೆದಳು. 1891ರಲ್ಲಿ ಲಾರ್ಡ್ ರೇಲಿಗೆ ಪತ್ರ ಬರೆದಳು. ರೇಲಿ ದೊಡ್ಡ ಮನುಷ್ಯ, ಆ ಪತ್ರವನ್ನು ನೇಚರ್‌ಗೆ ಕಳಿಸಿ ಅವಳ ಹೆಸರಿನಲ್ಲೇ ಅಚ್ಚು ಹಾಕಿಸಿದ. ಮುಂದೆ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದನ್ನು ಬೆಳೆಸಿ 1932ರಲ್ಲಿ ನೊಬೆಲ್ ಪಡೆದ, ತೊಟ್ಟಿಗೂ ಅವನದ್ದೇ ಹೆಸರು ಬಂತು.

ಕ್ಲೆಮೆಂಟ್ಸ್ ಅಂಥದ್ದೇ ತೊಟ್ಟಿಯಲ್ಲಿ ಶ್ವಾಸಕೋಶದ ಸಾರವನ್ನು ಹಾಕಿ, ಪಟ್ಟಿಯನ್ನು ಹಿಂದೆ ಮುಂದೆ ಸರಿಸಿದ, ಉಸಿರಾಟದ ಹಾಗೆ. ಪದರ ಹಿಗ್ಗಿದಾಗ ಮೇಲ್ಮೈ ಎಳೆತ 46, ಒತ್ತಿದಾಗ 10. ಇವು ಮೀಟರಿಗೆ ಮಿಲಿನ್ಯೂಟನ್ ಲೆಕ್ಕ. ಸಾಮಾನ್ಯ ಸೋಪುನೀರಿನಲ್ಲಿ ಹೀಗಾಗೋದಿಲ್ಲ, ಅದರ T ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಎರಡು ಗುಳ್ಳೆಗಳ ಆಟಕ್ಕೆ ಇದನ್ನು ಹಾಕಿ ನೋಡೋಣ. ಲೆಕ್ಕಕ್ಕೆ ಅಂತ, ಉಸಿರು ತುಂಬಿದ ಚೀಲದ ತ್ರಿಜ್ಯ 100 ಮೈಕ್ರೋಮೀಟರ್, ಕುಗ್ಗಿದ್ದರ ತ್ರಿಜ್ಯ 70 ಅನ್ನಿ. ದೊಡ್ಡದರಲ್ಲಿ T 46, ಒತ್ತಡ 920 ಪ್ಯಾಸ್ಕಲ್. T ಬದಲಾಗದಿದ್ದರೆ ಚಿಕ್ಕದರಲ್ಲಿ ಸುಮಾರು 1310 ಪ್ಯಾಸ್ಕಲ್, ಗಾಳಿ ಚಿಕ್ಕದರಿಂದ ದೊಡ್ಡದಕ್ಕೆ ಓಡುತ್ತದೆ, ಕುಸಿತ. T 10ಕ್ಕೆ ಇಳಿದರೆ ಚಿಕ್ಕದರಲ್ಲಿ ಸುಮಾರು 290 ಪ್ಯಾಸ್ಕಲ್ ಮಾತ್ರ. ಗಾಳಿ ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದೆ. ಕುಗ್ಗಿದ ಚೀಲ ತಾನಾಗಿ ತುಂಬಿಕೊಳ್ಳುತ್ತದೆ. ಸರ್ಫ್ಯಾಕ್ಟೆಂಟ್ ಎಂಬ ಈ ಪದಾರ್ಥ T ಅನ್ನು ಕಮ್ಮಿ ಮಾಡುತ್ತದೆ ಅನ್ನೋದು ಅರ್ಧ ಮಾತು. r ಇಳಿದಾಗ T ಇನ್ನೂ ಬೇಗ ಇಳಿಯುತ್ತದೆ ಅನ್ನೋದು ಪೂರ್ತಿ ಮಾತು.

(ಒಂದು ಎಚ್ಚರಿಕೆ. ನಿಜವಾದ ಗಾಳಿಚೀಲಗಳು ಬಿಡಿಬಿಡಿ ಗೋಲಗಳಲ್ಲ, ಜೇನುಹುಟ್ಟಿನ ಹಾಗೆ ಅಕ್ಕಪಕ್ಕ ಗೋಡೆ ಹಂಚಿಕೊಂಡಿವೆ. ಒಂದು ಕುಸಿಯಲು ಹೊರಟರೆ ನೆರೆಯವು ಎಳೆದು ಹಿಡಿಯುತ್ತವೆ. ಆದ್ದರಿಂದ ಎರಡು ಗುಳ್ಳೆಯ ಚಿತ್ರ ದಿಕ್ಕು ತೋರಿಸುತ್ತದೆ, ಅಂಕಿಗಳನ್ನು ಅಕ್ಷರಶಃ ತಗೋಬೇಡಿ.)

ಕೊನೇ ಕೊಂಡಿ ಹಾಕಿದವರು ಮಕ್ಕಳ ಡಾಕ್ಟರ್ ಮೇರಿ ಎಲೆನ್ ಏವರಿ. ಆಗ ಹಾರ್ವರ್ಡ್‌ನಲ್ಲಿ ಜೆರ್ ಮೀಡ್ ಜೊತೆ ಕೆಲಸ ಮಾಡುತ್ತಿದ್ದರು. ಸತ್ತ ಕೂಸುಗಳ ಶ್ವಾಸಕೋಶದಲ್ಲಿ ನೊರೆ ಇಲ್ಲ ಅನ್ನೋದು ಅವರ ಕಣ್ಣಿಗೆ ಬಿದ್ದಿತ್ತು. ಎಡ್ಜ್‌ವುಡ್‌ಗೆ ಹೋಗಿ ಕ್ಲೆಮೆಂಟ್ಸ್ ತೊಟ್ಟಿಯನ್ನು ನೋಡಿ ಬಂದು, ಅಂಥದ್ದೇ ಒಂದನ್ನು ಮಾಡಿಕೊಂಡು ಆ ಶ್ವಾಸಕೋಶಗಳ ಸಾರವನ್ನು ಪರೀಕ್ಷಿಸಿದರು. ಬೇರೆ ಕಾರಣದಿಂದ ಸತ್ತ, ತೂಕ ತುಂಬಿದ ಕೂಸುಗಳಲ್ಲಿ ಒತ್ತಿದಾಗ T ಚೆನ್ನಾಗಿ ಇಳಿಯಿತು. ಈ ರೋಗದಿಂದ ಸತ್ತವುಗಳಲ್ಲಿ, ತೀರಾ ಮುಂಚೆ ಹುಟ್ಟಿದವುಗಳಲ್ಲಿ ಅಂಥ ಇಳಿಕೆ ಇರಲಿಲ್ಲ. 1959ರಲ್ಲಿ ಪ್ರಕಟವಾಯಿತು.

ಆ ಕೂಸಿಗೆ ಇದರ ಅರ್ಥ ಏನು ಅಂತ ನೋಡಿ. ಚೀಲದ ತ್ರಿಜ್ಯ 50 ಮೈಕ್ರೋಮೀಟರ್, T 50 ಅಂದರೆ 2T/r 2000 ಪ್ಯಾಸ್ಕಲ್, ಅಂದರೆ 20 ಸೆಂಟಿಮೀಟರ್ ನೀರಿನ ಕಂಬ. ಇಪ್ಪತ್ತು ಸೆಂಟಿಮೀಟರ್ ಆಳದ ನೀರಿಗೆ ಸ್ಟ್ರಾ ಇಳಿಸಿ ಗುಳ್ಳೆ ಬರಿಸಿ ನೋಡಿ, ಗೊತ್ತಾಗುತ್ತದೆ. ಸರ್ಫ್ಯಾಕ್ಟೆಂಟ್ ಇದ್ದು T 10 ಆದರೆ ಬರೀ 4 ಸೆಂಟಿಮೀಟರ್. ಒಂದು ಕಿಲೋ ತೂಕದ ಕೂಸು, ಎಲುಬು ಇನ್ನೂ ಮೆತ್ತಗಿದೆ, ಚೀಲಗಳು ಪ್ರತಿ ಉಸಿರಿನ ಕೊನೆಗೂ ಕುಸಿಯುತ್ತವೆ, ಮತ್ತೆ ಮೊದಲಿನಿಂದ ತೆರೆಯಬೇಕು. ಉಸಿರೆಳೆದಾಗ ಶ್ವಾಸಕೋಶ ಉಬ್ಬುವ ಬದಲು ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಸೇದಿಕೊಳ್ಳುತ್ತದೆ. ರೋಗವನ್ನು ಗುರುತಿಸುವ ಒಂದು ಲಕ್ಷಣ ಅದೇ.

ಕಾರಣ ಗೊತ್ತಾದ ಮಾತ್ರಕ್ಕೆ ಮದ್ದು ಬರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ತೂಕ 2.1 ಕಿಲೋ, ಇವತ್ತಿನ ಲೆಕ್ಕದಲ್ಲಿ ಅಂಥ ಕಮ್ಮಿಯೇನಲ್ಲ. ಬಾಸ್ಟನ್ನಿಗೆ ಒಯ್ದರು, ಹೆಚ್ಚಿನ ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಇಟ್ಟರು. 39 ಗಂಟೆಗೆ ಮಗು ಹೋಯಿತು. ಏವರಿಯ ಲೇಖನ ಬಂದು ಆಗಲೇ ನಾಲ್ಕು ವರ್ಷ.

ಅದೇ ದಶಕದಲ್ಲಿ ಸರ್ಫ್ಯಾಕ್ಟೆಂಟಿನ ಮುಖ್ಯ ಅಂಶವಾದ ಡಿಪಿಪಿಸಿ ಎಂಬ ಕೊಬ್ಬನ್ನು ತುಂತುರು ಮಾಡಿ ಕೂಸುಗಳಿಗೆ ಕೊಟ್ಟು ನೋಡಿದರು. ಫಲ ಸಿಗಲಿಲ್ಲ. ಒತ್ತಿದ ಪದರದಲ್ಲಿ T ಇಳಿಸೋದು ಡಿಪಿಪಿಸಿಯೇ ನಿಜ. ಆದರೆ ಶುದ್ಧ ಡಿಪಿಪಿಸಿ ದೇಹದ ಬಿಸಿಯಲ್ಲಿ ಗಟ್ಟಿಯಾಗಿದ್ದು, ನೀರಿನ ಮೇಲ್ಮೈಗೆ ಹರಡಿಕೊಳ್ಳಲು ತುಂಬಾ ಹೊತ್ತು ತಗೊಳ್ಳುತ್ತದೆ. ಕೂಸಿಗೆ ಒಂದು ಉಸಿರಿಗೆ ಇರೋದು ಸುಮಾರು ಒಂದು ಸೆಕೆಂಡ್. ಬೇಗ ಹರಡಿಸಲು ಜೊತೆಗೆ ಬೇರೆ ಕೊಬ್ಬು, ಕೆಲವು ವಿಶೇಷ ಪ್ರೋಟೀನು ಬೇಕು ಅನ್ನೋದು ಆಗ ತಿಳಿದಿರಲಿಲ್ಲ.

ಹಾಗಾಗಿ ಮೊದಲ ಗೆಲುವು T ಕಡೆಯಿಂದ ಬರಲಿಲ್ಲ, r ಕಡೆಯಿಂದ ಬಂತು. ಈ ಕೂಸುಗಳು ಉಸಿರು ಬಿಡುವಾಗ ಗಂಟಲು ಅರ್ಧ ಮುಚ್ಚಿ ನರಳುತ್ತವೆ ಅಂದೆನಲ್ಲ. ಅದು ಬರೀ ನೋವಿನ ಸದ್ದಲ್ಲ. ಒಳಗೆ ಒತ್ತಡ ಉಳಿಸಿಕೊಂಡು ಚೀಲ ಪೂರ್ತಿ ಮುಚ್ಚದ ಹಾಗೆ ಕೂಸು ತಾನೇ ಮಾಡಿಕೊಳ್ಳುವ ಉಪಾಯ. ಸ್ಯಾನ್ ಫ್ರಾನ್ಸಿಸ್ಕೊದ ಜಾರ್ಜ್ ಗ್ರೆಗರಿ ಇದನ್ನೇ ಹೊರಗಿನಿಂದ ಮಾಡಿದ: ಉಸಿರು ಬಿಟ್ಟಾಗಲೂ ಗಾಳಿದಾರಿಯ ಒತ್ತಡ ಸೊನ್ನೆಗೆ ಇಳಿಯದ ಹಾಗೆ ನೋಡಿಕೊಂಡ. r ಚಿಕ್ಕದಾಗಲು ಬಿಡದಿದ್ದರೆ 2T/r ಏರೋದೇ ಇಲ್ಲ. 1971ರಲ್ಲಿ ಪ್ರಕಟಿಸಿದ ವರದಿಯಲ್ಲಿ 20 ಕೂಸುಗಳಲ್ಲಿ 16 ಬದುಕಿದ್ದವು. ಈಗ ಸಿಪ್ಯಾಪ್ ಅಂತೀವಲ್ಲ, ಅದೇ. ಮರುವರ್ಷ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಅವಧಿಗೆ ಮುಂಚೆ ಹೆರಿಗೆ ಆಗಬಹುದಾದ ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಹೊಟ್ಟೆಯೊಳಗಿನ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ ಅಂತ ತೋರಿಸಿದರು. ಅಕ್ಕನಿಗೂ ಆ ಇಂಜೆಕ್ಷನ್ ಕೊಟ್ಟಿದ್ದರು, ಆದರೆ ಕೆಲಸ ಮಾಡುವಷ್ಟು ಹೊತ್ತು ಸಿಗಲಿಲ್ಲ.

T ಕಡೆಯ ಗೆಲುವು ಜಪಾನಿನಿಂದ ಬಂತು. 1980ರಲ್ಲಿ ತೆತ್ಸುರೊ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು ತುಂತುರು ಮಾಡದೆ, ದ್ರವವಾಗಿಯೇ ಹತ್ತು ಕೂಸುಗಳ ಶ್ವಾಸನಾಳಕ್ಕೆ ಬಿಟ್ಟ. ಪ್ರಾಣಿಯ ಶ್ವಾಸಕೋಶದ್ದಾದ್ದರಿಂದ ಹರಡಿಸುವ ಪ್ರೋಟೀನು ಜೊತೆಗೇ ಬಂದಿತ್ತು. ಕೆಲವೇ ಗಂಟೆಗಳಲ್ಲಿ ಬೇಕಾದ ಆಮ್ಲಜನಕ ಇಳಿಯಿತು, ಎಕ್ಸ್‌ರೇಯಲ್ಲಿ ಬೆಳ್ಳಗೆ ಮಸುಕಾಗಿದ್ದ ಶ್ವಾಸಕೋಶ ಕಪ್ಪಾಯಿತು, ಅಂದರೆ ಗಾಳಿ ತುಂಬಿತು. 1990ರಲ್ಲಿ ಅಮೆರಿಕದಲ್ಲಿ ಮೊದಲ ಸರ್ಫ್ಯಾಕ್ಟೆಂಟ್ ಔಷಧಕ್ಕೆ ಅನುಮತಿ ಸಿಕ್ಕಿತು. ಅದನ್ನು ರೂಪಿಸಿದವರಲ್ಲಿ ಒಬ್ಬ ಅದೇ ಕ್ಲೆಮೆಂಟ್ಸ್, ತೊಟ್ಟಿಯ ಅಳತೆ ಮಾಡಿ 33 ವರ್ಷದ ಮೇಲೆ.

ನಮ್ಮ ಕೂಸಿಗೆ ಕೊಟ್ಟಿದ್ದು ಕೆಲವೇ ಮಿಲಿಲೀಟರ್, ಹಾಲಿನ ಬಣ್ಣದ್ದು. ಗಾಜಿನ ಆಚೆ ನಿಂತು ನೋಡುತ್ತಿದ್ದೆ. ಸಿಸ್ಟರ್ ಫ್ರಿಜ್‌ನಿಂದ ತೆಗೆದ ಪುಟ್ಟ ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಾ, ಮೆಲ್ಲಗೆ ತಲೆಕೆಳಗು ಮಾಡುತ್ತಿದ್ದರು. ಪಕ್ಕದಲ್ಲಿದ್ದ ಹೊಸ ಹುಡುಗಿ ಕೈಚಾಚಿದಾಗ ಮರಾಠಿಯಲ್ಲಿ ಏನೋ ಹೇಳಿದರು. ಆಮೇಲೆ ಕೇಳಿದೆ. "ಕುಲುಕಬೇಡ, ನೊರೆ ಬರುತ್ತೆ" ಅಂದಿದ್ದರಂತೆ.